ಪೋಡಿಯಂ ಮೇಲೆ ಎರಡು ಮೈಕು ಯಾಕೆ?

ಮುಂಬಯಿಯ ನಮ್ಮ ಕನ್ನಡ ಸಂಘಗಳ ಯಾವ ಕಾರ್ಯಕ್ರಮಕ್ಕೆ ಹೋದರೂ ನೋಡಿ, ಪೋಡಿಯಂ ಮೇಲೆ ಎಡಕ್ಕೊಂದು ಬಲಕ್ಕೊಂದು ಮೈಕು ಇರುತ್ತದೆ. ಭಾಷಣಕಾರರು ದೊಡ್ಡವರಾದಷ್ಟೂ ಮೈಕು ಜಾಸ್ತಿ. ಭಾನುವಾರಗಳಲ್ಲಿ ಮಿಕ್ಸರ್ ಹಿಂದೆ ಕೂರುವ ನನ್ನ ಅಭಿಪ್ರಾಯ ಇಷ್ಟೇ: ಒಬ್ಬ ಮನುಷ್ಯನಿಗೆ ಒಂದೇ ಮೈಕು ಸಾಕು. ಎರಡನೆಯದು ಸಹಾಯ ಮಾಡುವುದಿಲ್ಲ, ಮಾತನ್ನೇ ತಿನ್ನುತ್ತದೆ.

ಹೇಗೆ ಅಂತೀರಾ? ಎರಡು ಮೈಕಿನ ನಡುವೆ 30 ಸೆಂ.ಮೀ. ಅಂತರ, ಭಾಷಣಕಾರರ ಬಾಯಿ ಅವುಗಳ ಸಾಲಿನಿಂದ 30 ಸೆಂ.ಮೀ. ಹಿಂದೆ ಅಂತಿಟ್ಟುಕೊಳ್ಳಿ. ಅವರು ನಟ್ಟನಡುವೆ ನಿಂತಿರುವಷ್ಟು ಹೊತ್ತು ಎರಡಕ್ಕೂ ದೂರ ಒಂದೇ, ತೊಂದರೆಯಿಲ್ಲ. ಈಗ ಚೀಟಿ ನೋಡಲು ತಲೆಯನ್ನು 10 ಸೆಂ.ಮೀ. ಬಲಕ್ಕೆ ತಂದರು. ಬಲದ ಮೈಕಿಗೆ ಸುಮಾರು 30, ಎಡದ್ದಕ್ಕೆ 39 ಸೆಂ.ಮೀ. ಆಯಿತು. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುವುದರಿಂದ ಈ ವ್ಯತ್ಯಾಸ ದಾಟಲು ಕಾಲು ಮಿಲಿಸೆಕೆಂಡ್ ಬೇಕು. ಕಿವಿಗೆ ಅದು ತಡವಾಗಿ ಕೇಳಿಸುವುದೇ ಇಲ್ಲ. ಆದರೆ 2000 ಹರ್ಟ್ಸ್‌ನ ಅಲೆಗೆ ಕಾಲು ಮಿಲಿಸೆಕೆಂಡ್ ಎಂದರೆ ಸರಿಯಾಗಿ ಅರ್ಧ ಸುತ್ತು. ಒಂದು ಮೈಕಿನಲ್ಲಿ ಅಲೆ ಏರುವಾಗ ಇನ್ನೊಂದರಲ್ಲಿ ಇಳಿಯುತ್ತಿರುತ್ತದೆ. ಮಿಕ್ಸರ್ ಎರಡನ್ನೂ ಕೂಡಿಸಿದಾಗ ಜಮೆಗೂ ಖರ್ಚಿಗೂ ಹೆಚ್ಚುಕಮ್ಮಿ ಸರಿಹೋಗಿ ಅಲ್ಲಿ ಉಳಿಯುವುದು ಚೂರು. 6000ದ ಹತ್ತಿರವೂ ಹಾಗೆಯೇ. ನಡುವಿನ 4000ದಲ್ಲಿ ಮಾತ್ರ ಎರಡೂ ಸೇರಿ ಜೋರಾಗುತ್ತವೆ. ಇದನ್ನೇ ಸೌಂಡಿನವರು ಫೇಸ್ ಪ್ರಾಬ್ಲಂ ಅನ್ನುತ್ತಾರೆ.

ಮಾತಿನ ಅಕ್ಷರ ಸ್ಪಷ್ಟವಾಗಲು ಬೇಕಾದದ್ದು ಆ 2000ದ ಸುತ್ತಮುತ್ತಲೇ. ಭಾಷಣಕಾರರು ತಲೆ ಆಡಿಸಿದಂತೆ ಈ ಕಂದಕವೂ ಮೇಲೆ ಕೆಳಗೆ ಸರಿದಾಡುತ್ತದೆ. ಕೊಳವೆಯೊಳಗಿಂದ ಮಾತಾಡಿದಂತೆ, ಒಮ್ಮೆ ಟೊಳ್ಳು ಒಮ್ಮೆ ಗಟ್ಟಿ ಕೇಳಿಸುವುದು ಇದರಿಂದಲೇ. ಈಕ್ವಲೈಸರ್ ತಿರುಗಿಸಿ ಏನೂ ಪ್ರಯೋಜನವಿಲ್ಲ, ಯಾಕೆಂದರೆ ನೀವು ಒಂದು ಜಾಗ ತುಂಬುವಷ್ಟರಲ್ಲಿ ಹಳ್ಳ ಬೇರೆ ಕಡೆ ಹೋಗಿರುತ್ತದೆ.

ಇಲ್ಲಿ ಯಾರಾದರೂ "ಮೂರಕ್ಕೊಂದು ನಿಯಮ ಇದೆಯಲ್ಲ ಸಾರ್" ಅನ್ನುತ್ತಾರೆ. ಮೈಕಿನಿಂದ ಬಾಯಿಗೆ 20 ಸೆಂ.ಮೀ. ಇದ್ದರೆ ಪಕ್ಕದ ಮೈಕು ಕನಿಷ್ಠ 60 ಸೆಂ.ಮೀ. ದೂರ ಇರಬೇಕು ಅನ್ನುವ ನಿಯಮ. ನಿಜ, ಆದರೆ ಅದು ಇಬ್ಬರು ಹಾಡುವವರಿಗೆ, ಒಬ್ಬೊಬ್ಬರಿಗೂ ಅವರವರ ಮೈಕು ಇದ್ದಾಗ. ನನ್ನ ದನಿ ನಿಮ್ಮ ಮೈಕಿಗೆ ಸೋರಿದರೂ ಸುಮಾರು ಮೂರನೇ ಒಂದು ಭಾಗವಷ್ಟೇ ಸೋರಲಿ, ಆಗ ಎಷ್ಟೇ ಕಳೆದರೂ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ ಎಂಬ ಲೆಕ್ಕ ಅದು. ಪೋಡಿಯಂನಲ್ಲಿ ಒಬ್ಬರೇ ನಡುವೆ ನಿಂತು ಎರಡೂ ಮೈಕಿಗೆ ಸಮನಾಗಿ ಮಾತಾಡುತ್ತಾರೆ, ನಾವು ಎರಡೂ ಫೇಡರ್ ಸಮನಾಗಿ ಏರಿಸಿರುತ್ತೇವೆ. ಅಂತರ ಹೆಚ್ಚಿಸಿದರೆ ಅದೇ ತಲೆಯಾಟಕ್ಕೆ ದೂರದ ವ್ಯತ್ಯಾಸವೂ ಹೆಚ್ಚು, ಹಳ್ಳ ಇನ್ನೂ ಕೆಳಗಿನ ಸ್ವರಕ್ಕೆ ಇಳಿಯುತ್ತದೆ.

ಇದರ ಜೊತೆ ಪೊಲಾರಿಟಿ ಎಂಬ ಇನ್ನೊಂದು ವಿಷಯ ಬೆರೆತು ಗೊಂದಲವಾಗುತ್ತದೆ. ಎಕ್ಸ್‌ಎಲ್‌ಆರ್ ವೈರಿನಲ್ಲಿ 2ನೇ ಪಿನ್ ಮತ್ತು 3ನೇ ಪಿನ್ ಅದಲುಬದಲಾಗಿ ಬೆಸುಗೆ ಹಾಕಿದ್ದರೆ ಆ ಮೈಕಿನ ಅಲೆ ಪೂರ್ತಿ ತಲೆಕೆಳಗು. ಒಂಟಿಯಾಗಿ ಕೇಳಿದರೆ ಏನೂ ಗೊತ್ತಾಗದು, ಜೋಡಿಯಾದಾಗಲೇ ಬಣ್ಣ ಬಯಲು. ಪರೀಕ್ಷೆ ಸುಲಭ. ಒಂದೇ ಮಾದರಿಯ ಎರಡು ಮೈಕುಗಳ ತಲೆ ತಾಗಿಸಿ ಹಿಡಿದು, ಒಂದು ಗೇಣು ದೂರದಿಂದ ನಡುವೆ ಮಾತಾಡಿ. ಮೊದಲು ಒಂದು ಫೇಡರ್, ಆಮೇಲೆ ಎರಡನೆಯದನ್ನು ಅಷ್ಟೇ ಮಟ್ಟಕ್ಕೆ ಏರಿಸಿ. ದನಿ ದಪ್ಪಗಾದರೆ ಸರಿ. ಕ್ಷೀಣಿಸಿ, ತಳದ ಗಾಂಭೀರ್ಯವೆಲ್ಲ ಹೋಗಿ ಸೊಳ್ಳೆ ದನಿಯಾದರೆ ಒಂದು ತಿರುವುಮುರುವಾಗಿದೆ. ಮಿಕ್ಸರ್‌ನಲ್ಲಿ Ø ಗುರುತಿನ ಗುಂಡಿ ಇದ್ದರೆ ಒತ್ತಿ ನೋಡಿ. ಚಿಕ್ಕ ಮಿಕ್ಸರ್‌ಗಳಲ್ಲಿ ಅನೇಕ ಸಲ ಇರುವುದಿಲ್ಲ. ಆಗ ಸರಿ ಇದೆಯೆಂದು ಗೊತ್ತಿರುವ ವೈರನ್ನು ಒಂದೊಂದಾಗಿ ಬದಲಿಸಿ ಕಳ್ಳನನ್ನು ಹಿಡಿದು, ಕೆಂಪು ಟೇಪು ಸುತ್ತಿ ಬೆಸುಗೆಗೆ ಕಳಿಸಬೇಕು.

ಆದರೆ ಈ ಗುಂಡಿ ದೂರದ ವ್ಯತ್ಯಾಸಕ್ಕೆ ಮದ್ದಲ್ಲ. ಮೇಲಿನ ಉದಾಹರಣೆಯಲ್ಲಿ ಅದನ್ನು ಒತ್ತಿದರೆ 2000ದ ಹಳ್ಳ ತುಂಬಿ 4000ದಲ್ಲಿ ಹೊಸ ಹಳ್ಳ ಬೀಳುತ್ತದೆ, ಮಂದ್ರವೂ ಹೋಗುತ್ತದೆ. ಭಾಷಣಕಾರರು ನಡುವೆ ಬಂದು ನಿಂತರೋ, ದನಿಯೇ ಮಾಯ!

"ಒಂದು ಕೆಟ್ಟರೆ ಇನ್ನೊಂದು ಬೇಕಲ್ಲ" ಎಂಬ ಪದಾಧಿಕಾರಿಗಳ ವಾದ ನ್ಯಾಯವೇ. ಹಾಗಾದರೆ ಎರಡನೆಯದು ಇರಲಿ, ಅದರ ಫೇಡರ್ ಕೆಳಗಿರಲಿ, ಮೊದಲನೆಯದು ನಿಂತಾಗಷ್ಟೇ ಏರಲಿ. ಎರಡೂ ತೆರೆದಿರಲೇಬೇಕೆಂದಾದರೆ ಎಡಬಲ ಬಿಟ್ಟು, ಒಂದರ ತಲೆಯ ಮೇಲೆಯೇ ಇನ್ನೊಂದರ ತಲೆ ಬರುವಂತೆ ಅಂಟಿಸಿ ಕಟ್ಟಿ. ಆಗ ತಲೆ ಎತ್ತ ಹೊರಳಿಸಿದರೂ ಎರಡಕ್ಕೂ ದೂರ ಒಂದೇ. ಫೋಟೋದಲ್ಲಿ ಒಂದೇ ಮೈಕಿನಂತೆ ಕಾಣುತ್ತದೆ ಎಂದು ಒಬ್ಬ ಕಾರ್ಯದರ್ಶಿಗಳು ಬೇಸರಿಸಿಕೊಂಡಿದ್ದುಂಟು. ಫೋಟೋಗೆ ಬೇಕಾದರೆ ವೈರಿಲ್ಲದ ಮೂರನೆಯದನ್ನೂ ಇಡೋಣ ಅಂದೆ.