ಬಾಗಿಲು ಮುಚ್ಚಿದವರು ಯಾರು?

ಕೊನೇ ದಿನ ಭಾನುವಾರ ಬಂದ್ರೆ ಸೋಮವಾರ ಕೊಟ್ರಾಯ್ತು ಅನ್ನೋದು ನಮಗೆಲ್ಲ ಗೊತ್ತಿರೋ ನಿಯಮ. 1963ರ ಲಿಮಿಟೇಶನ್ ಆಕ್ಟಿನ 4ನೇ ಸೆಕ್ಷನ್ ಹೇಳುವುದೂ ಇದನ್ನೇ: ಗಡುವು ಮುಗಿಯುವ ದಿನ ಕೋರ್ಟು ಮುಚ್ಚಿದ್ದರೆ, ಅದು ಮತ್ತೆ ತೆರೆದ ದಿನ ಅರ್ಜಿ ಹಾಕಬಹುದು. ಇದು ಯಾರಿಗೂ ತೋರಿಸಿದ ದಯೆಯಲ್ಲ. ಬಾಗಿಲು ಹಾಕಿಕೊಂಡವರು "ಒಳಗೆ ಯಾಕೆ ಬರಲಿಲ್ಲ?" ಅಂತ ಕೇಳಬಾರದು, ಅಷ್ಟೆ.

ಆದರೆ ಆರ್ಬಿಟ್ರೇಶನ್ ವಿಷಯಕ್ಕೆ ಬಂದರೆ ನಮ್ಮ ಕಾನೂನು ಅದನ್ನೇ ಕೇಳುತ್ತೆ. ಆರ್ಬಿಟ್ರೇಟರ್ ಕೊಟ್ಟ ತೀರ್ಪನ್ನು ರದ್ದು ಮಾಡಿಸಬೇಕಾದರೆ, ಅದು ಕೈಸೇರಿದ ಮೂರು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಇನ್ನೊಂದು 30 ದಿನ ಸಿಗಬಹುದು. ಅದರಾಚೆ ಒಂದು ದಿನವೂ ಇಲ್ಲ.

ಅಸ್ಸಾಂನ ನಗರ ನೀರು ಸರಬರಾಜು ಮಂಡಳಿಯ ಪ್ರಕರಣ ನೋಡಿ. ತೀರ್ಪು ಕೈಗೆ ಬಂದದ್ದು 2003ರ ಆಗಸ್ಟ್ 26ಕ್ಕೆ. ಮೂರು ತಿಂಗಳು ಮುಗಿದದ್ದು ನವೆಂಬರ್ 26ಕ್ಕೆ, ಮೇಲಿನ 30 ದಿನ ಮುಗಿದದ್ದು ಡಿಸೆಂಬರ್ 26ಕ್ಕೆ. ಡಿಸೆಂಬರ್ 25ರಿಂದ ಜನವರಿ 1ರವರೆಗೆ ಕೋರ್ಟಿಗೆ ಕ್ರಿಸ್‌ಮಸ್ ರಜೆ. ಮಂಡಳಿ ಜನವರಿ 2ಕ್ಕೆ, ಬಾಗಿಲು ತೆರೆದ ದಿನವೇ, ಅರ್ಜಿ ಹಾಕಿತು. ತಡವಾಯ್ತು ಅಂತ ಅರ್ಜಿ ಬಿದ್ದುಹೋಯ್ತು. 2012ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 4ನೇ ಸೆಕ್ಷನ್ನಿನ ರಕ್ಷಣೆ "ನಿಗದಿತ ಅವಧಿ"ಗೆ ಮಾತ್ರ, ನಿಗದಿತ ಅವಧಿ ಅಂದ್ರೆ ಆ ಮೂರು ತಿಂಗಳು, 30 ದಿನ ಅದರಲ್ಲಿ ಸೇರಲ್ಲ ಅನ್ನೋದು ಅದರ ತರ್ಕ. 2022ರಲ್ಲಿ ಇನ್ನೊಬ್ಬರ 30 ದಿನ ಬೇಸಿಗೆ ರಜೆಯ ನಡುವೆ ಮುಗಿಯಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರಿಗೂ ಇದೇ ಉತ್ತರ ಕೊಟ್ಟಿತು.

ಮೂರು ತಿಂಗಳು ಸುಮ್ಮನಿದ್ದವರಿಗೆ ಇನ್ನೂ ಎಷ್ಟು ಕರುಣೆ ಅಂತ ಕೇಳಬಹುದು. ಆರ್ಬಿಟ್ರೇಶನ್ ಬೇಗ ಮುಗಿಯಬೇಕು, ಒಪ್ಪುತ್ತೇನೆ. ಆದರೆ ಆ 30 ದಿನ ಪುಕ್ಕಟೆ ಸಿಗೋದಲ್ಲ, ಕಾರಣ ತೋರಿಸಿಯೇ ಪಡೆಯಬೇಕು. ಅಸ್ಸಾಂ ಮಂಡಳಿಗೆ ಕ್ರಿಸ್‌ಮಸ್‌ಗೆ ಮುಂಚೆ ಉಳಿದದ್ದು 28 ದಿನ. ಉಳಿದ ಎರಡು ದಿನ ಕಿತ್ತುಕೊಂಡದ್ದು ಮಂಡಳಿಯ ಸೋಮಾರಿತನವಲ್ಲ, ಕೋರ್ಟಿನದೇ ಕ್ಯಾಲೆಂಡರ್. ಮುಚ್ಚಿದ ಬಾಗಿಲು ಮೊದಲ ಮೂರು ತಿಂಗಳಲ್ಲಿ ಕ್ಷಮೆಗೆ ಕಾರಣ, ಆಮೇಲಿನ 30 ದಿನದಲ್ಲಿ ಅಲ್ಲ ಅನ್ನೋದಕ್ಕೆ ನ್ಯಾಯದ ಆಧಾರ ನನಗಂತೂ ಕಾಣುತ್ತಿಲ್ಲ. ಕಾಯ್ದೆಗೆ ಒಂದು ಸಾಲು ಸೇರಿಸಿದರೆ ಇದು ಸರಿಹೋಗುತ್ತೆ. ಅದು ಸಂಸತ್ತಿನ ಕೆಲಸ.

ಅಲ್ಲಿಯವರೆಗೆ, ನಿಮ್ಮ ಕಂಪನಿಯ ಕಾಂಟ್ರಾಕ್ಟಿನಲ್ಲಿ ಆರ್ಬಿಟ್ರೇಶನ್ ಷರತ್ತು ಇದ್ದರೆ ಒಂದು ಕೆಲಸ ಮಾಡಿ. ತೀರ್ಪು ಕೈಗೆ ಬಂದ ದಿನವೇ ಎರಡೂ ಗಡುವು ಬರೆದಿಟ್ಟು, ಪಕ್ಕದಲ್ಲಿ ಕೋರ್ಟಿನ ರಜಾ ಪಟ್ಟಿ ಇಟ್ಟು ನೋಡಿ. ಎರಡನೇ ಗಡುವು ರಜೆಯೊಳಗೆ ಬಿದ್ದರೆ, ನಿಮ್ಮ ನಿಜವಾದ ಕೊನೇ ದಿನ ರಜೆ ಮುಗಿದ ಮಾರನೇ ದಿನವಲ್ಲ, ರಜೆ ಶುರುವಾಗುವ ಹಿಂದಿನ ದಿನ.