ಕೈಯಲ್ಲೊಂದು ಚೀಟಿ ಇರಲಿ

‘ಚೀಟಿ ನೋಡಿ ಮಾತಾಡುವವನು ಭಾಷಣಕಾರನೇ ಅಲ್ಲ’ ಎಂಬ ಮಾತು ಶಾಲಾ ಸಮಾರಂಭಗಳ ಸುತ್ತ ಆಗಾಗ ಕೇಳಿಬರುತ್ತದೆ. ಹಾಗೆನ್ನುವವರು ಸಾಮಾನ್ಯವಾಗಿ ಮಾರ್ಟಿನ್ ಲೂಥರ್ ಕಿಂಗ್ ಹೆಸರು ಎತ್ತುತ್ತಾರೆ. 1963ರ ವಾಷಿಂಗ್ಟನ್ ಭಾಷಣದಲ್ಲಿ ಕಿಂಗ್ ಬರಹ ಬಿಟ್ಟು ಮಾತಾಡಿದ್ದು ಕೊನೆಯ ಭಾಗದಲ್ಲಿ ಮಾತ್ರ; ಅಲ್ಲಿಯವರೆಗೆ ಮುಂದಿದ್ದದ್ದು ಸಿದ್ಧಪಡಿಸಿದ ಪ್ರತಿಯೇ. ಇನ್ನು ಚರ್ಚಿಲ್ 1904ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಬಾಯಿಪಾಠದ ಭಾಷಣದ ನಡುವೆ ಎಳೆ ತಪ್ಪಿ ಕುಳಿತುಬಿಟ್ಟರು. ಆಮೇಲೆ ಟಿಪ್ಪಣಿಯಿಲ್ಲದೆ ದೊಡ್ಡ ಭಾಷಣಕ್ಕೆ ನಿಲ್ಲಲಿಲ್ಲ; ಸಾಲುಗಳನ್ನು ಪದ್ಯದಂತೆ ಮುರಿದು ಟೈಪ್ ಮಾಡಿಸಿಕೊಳ್ಳುತ್ತಿದ್ದರು.

ಪೂರ್ತಿ ಬರೆದದ್ದನ್ನೇ ಓದಿದರೇನು ತಪ್ಪು ಎನ್ನುವವರ ವಾದ ಹೆಚ್ಚು ಗಟ್ಟಿಯಾದದ್ದು. ಇಸವಿ ತಪ್ಪದು, ದಾನಿಗಳ ಹೆಸರು ಬಿಟ್ಟುಹೋಗದು, ಸಮಯವೂ ಮೀರದು. ಎಲ್ಲವೂ ನಿಜ. ಆದರೆ ಓದುವವರ ಕಣ್ಣು ಹಾಳೆಯಿಂದ ಏಳುವುದಿಲ್ಲ, ಮುಂದಿನ ಸಾಲಿನ ಮಕ್ಕಳು ಎರಡೇ ನಿಮಿಷಕ್ಕೆ ಗುಸುಗುಸು ಶುರುಮಾಡುತ್ತಾರೆ. ಹಾಗಾಗಿ ಹೆಸರು, ಇಸವಿ, ಮೊದಲ ವಾಕ್ಯ, ಕೊನೆಯ ವಾಕ್ಯ ಇಷ್ಟನ್ನು ಪೂರ್ತಿ ಬರೆದಿಟ್ಟುಕೊಂಡು, ಉಳಿದದ್ದನ್ನು ಸುಳಿವುಗಳಿಗೆ ಇಳಿಸಬೇಕು. ಇಳಿಸುವುದು ಹೇಗೆ ಎಂಬಲ್ಲೇ ಬಹಳ ಜನ ಎಡವುವುದು.

ಹೈದರಾಬಾದಿನ ಕಾಚಿಗುಡದಲ್ಲಿರುವ ನೃಪತುಂಗ ಶಾಲೆಯಂಥ ಕನ್ನಡ ಸಂಸ್ಥೆಯ ರಾಜ್ಯೋತ್ಸವವನ್ನೇ ಊಹಿಸಿಕೊಳ್ಳಬಹುದು. ಶಿಕ್ಷಕಿಯೊಬ್ಬರ ಭಾಷಣದಲ್ಲಿ ಹೀಗೊಂದು ಭಾಗವಿದೆ ಎನ್ನೋಣ: ‘1948ರ ಸೆಪ್ಟೆಂಬರ್ 17ರಂದು ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಸಂಸ್ಥಾನವು ಭಾರತದೊಳಗೆ ಸೇರಿತು. ತದನಂತರ 1956ರ ನವೆಂಬರ್ 1ರಂದು ಭಾಷಾವಾರು ಪುನರ್ವಿಂಗಡಣೆಯ ಫಲವಾಗಿ ಬೀದರ್, ಕಲಬುರಗಿ, ರಾಯಚೂರಿನ ಕನ್ನಡ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರ್ಪಡೆಗೊಂಡರೂ ಈ ನಗರದ ಕನ್ನಡಿಗರು ಇಲ್ಲಿಯೇ ನೆಲೆಸಿದರು.’

ಮೊದಲ ಸಲ ಚೀಟಿ ಮಾಡುವವರು ಇದನ್ನು ‘ಹೈದರಾಬಾದ್ ವಿಲೀನ, ಭಾಷಾವಾರು ಪುನರ್ವಿಂಗಡಣೆ, ಕನ್ನಡಿಗರ ಸ್ಥಿತಿ’ ಎಂದು ಇಳಿಸುತ್ತಾರೆ. ಇವು ಪಾಠದ ತಲೆಬರಹಗಳು. ವೇದಿಕೆಯ ಮೇಲೆ ‘ಕನ್ನಡಿಗರ ಸ್ಥಿತಿ’ ಎಂಬುದನ್ನು ನೋಡಿದ ಬಾಯಿಗೆ ಮುಂದೇನು ಹೇಳಬೇಕೆಂದು ತಿಳಿಯುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬರೀ ನಾಮಪದ ಹಿಡಿದು ಹೊರಟವರು ‘ಆಗಿದ್ದಂಥ, ಬಂದಂಥ’ ಎಂದು ಎಳೆಯುತ್ತ ಹೋಗಿ ವಾಕ್ಯ ಮುಗಿಸಲಾಗದೆ ತಡವರಿಸುತ್ತಾರೆ. ಅದಕ್ಕೇ ಚೀಟಿಯಲ್ಲಿ ಕ್ರಿಯಾಪದ ಇರಲೇಬೇಕು, ಅದೂ ಆಡುಮಾತಿನ ರೂಪದಲ್ಲಿ. ‘ಸೇರ್ಪಡೆಗೊಂಡವು’ ಎಂದು ಬರೆದರೆ ಬಾಯಿಯೂ ಗ್ರಂಥಭಾಷೆಗೇ ಹೊರಳುತ್ತದೆ. ಮೇಲಿನ ಭಾಗ ಚೀಟಿಯಲ್ಲಿ ಹೀಗಾಗುತ್ತದೆ:

1948 ಸೆಪ್ಟೆಂಬರ್ 17: ಸಂಸ್ಥಾನ ಭಾರತಕ್ಕೆ ಸೇರಿತು
1956 ನವೆಂಬರ್ 1: ಬೀದರ್, ಕಲಬುರಗಿ, ರಾಯಚೂರು ಆ ಕಡೆ ಹೋದವು
ಆದರೆ ನಾವು ಇಲ್ಲೇ ಉಳಿದೆವು
(ನಿಲ್ಲಿ. ಹಿರಿಯರ ಕಡೆ ನೋಡಿ.)

ಇಲ್ಲಿ ‘ಆದರೆ’ ಎಂಬುದನ್ನು ಬಿಡುವಂತಿಲ್ಲ. ಎರಡು ವಿಷಯಗಳ ನಡುವಿನ ನಂಟು ಅದರಲ್ಲಿದೆ. ಗಾಬರಿಯಲ್ಲಿ ಮೊದಲು ಮರೆತುಹೋಗುವುದೂ ಆ ನಂಟೇ. ಕಂಸದೊಳಗಿನದು ಹೇಳುವುದಲ್ಲ, ಮಾಡುವುದು. ಅದನ್ನು ಕೆಂಪು ಶಾಯಿಯಲ್ಲಿ ಬರೆಯದಿದ್ದರೆ ಯಾರಾದರೊಬ್ಬರು ‘ಹಿರಿಯರ ಕಡೆ ನೋಡಿ’ ಎಂದು ಗಟ್ಟಿಯಾಗಿ ಓದಿಯೇಬಿಡುತ್ತಾರೆ.

ಐದು ನಿಮಿಷದ ಮಾತಿಗೆ ಪೋಸ್ಟ್‌ಕಾರ್ಡ್ ಗಾತ್ರದ ನಾಲ್ಕೈದು ದಪ್ಪ ರಟ್ಟು ಸಾಕು. ತೆಳು ಹಾಳೆ ನಡುಗುವ ಕೈಯನ್ನು ಸಭೆಗೆಲ್ಲ ತೋರಿಸುತ್ತದೆ. ಒಂದೇ ಬದಿ ಬರೆಯಬೇಕು, ಮೂಲೆಯಲ್ಲಿ ಸಂಖ್ಯೆ ಹಾಕಬೇಕು. ಅತಿಥಿಗಳ ಸಂಬೋಧನೆ ಬೇರೆಯೇ ರಟ್ಟಿನಲ್ಲಿರಲಿ, ಯಾಕೆಂದರೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ದೀಪ ಬೆಳಗುವವರೆಗೂ ಖಚಿತವಿರುವುದಿಲ್ಲ. ಸಭೆಯಲ್ಲಿ ತೆಲುಗು ಪೋಷಕರಿದ್ದು ಅವರಿಗೊಂದು ವಾಕ್ಯ ಹೇಳುವುದಿದ್ದರೆ, ಅದನ್ನು ಕನ್ನಡ ಲಿಪಿಯಲ್ಲೇ ಪೂರ್ತಿ ಬರೆದುಕೊಳ್ಳುವುದು ಕ್ಷೇಮ.

ಚೀಟಿ ಸರಿಯಿದೆಯೇ ಎಂದು ತಿಳಿಯಲು ಬರೆದ ದಿನವೇ ನೋಡಿದರೆ ಆಗದು, ಆಗ ಪೂರ್ತಿ ಭಾಷಣ ತಲೆಯಲ್ಲೇ ಇರುತ್ತದೆ. ಎರಡು ದಿನ ಬಿಟ್ಟು, ಮೂಲ ಪ್ರತಿಯನ್ನು ಬೀರುವಿನಲ್ಲಿಟ್ಟು, ನಿಂತುಕೊಂಡು ಗಟ್ಟಿಯಾಗಿ ಮಾತಾಡಬೇಕು. ನಾಲಿಗೆ ತಡೆದಲ್ಲಿ ಸುಳಿವು ಸಾಲದು, ಒಂದು ಪದ ಸೇರಿಸಬೇಕು. ಮೂಲದ ವಾಕ್ಯವೇ ಅಕ್ಷರಶಃ ಉದುರಿದಲ್ಲಿ ಸುಳಿವು ಹೆಚ್ಚಾಗಿದೆ, ಕತ್ತರಿಸಬೇಕು.

ಕೊನೆಯ ಕೆಲಸ, ಬಿಟ್ಟರೂ ನಡೆಯುವ ರಟ್ಟಿನ ಮೇಲೆ ಮೊದಲೇ ಒಂದು ಅಡ್ಡಗೆರೆ ಎಳೆದಿಡುವುದು. ಮುಖ್ಯ ಅತಿಥಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮುಕ್ಕಾಲು ಗಂಟೆ ತಡವಾದಾಗ, ‘ಮೇಡಂ, ಎರಡೇ ನಿಮಿಷದಲ್ಲಿ ಮುಗಿಸಿ’ ಎಂದು ನಿರೂಪಕರು ಕಿವಿಯಲ್ಲಿ ಹೇಳುತ್ತಾರೆ. ಪೂರ್ತಿ ಪ್ರತಿ ಹಿಡಿದವರು ಆಗ ವೇಗವಾಗಿ ಓದತೊಡಗುತ್ತಾರೆ. ರಟ್ಟು ಹಿಡಿದವರು ಗೆರೆಯಿರುವ ಎರಡನ್ನು ತೆಗೆದು ಹಿಂದಿಟ್ಟು, ಪೂರ್ತಿ ಬರೆದಿಟ್ಟ ಕೊನೆಯ ವಾಕ್ಯಕ್ಕೆ ನೇರ ಬರುತ್ತಾರೆ.