ನಾಕನೇ ಜ್ವರ

ಶಿಡ್ಲಘಟ್ಟದ ನನ್ನ ಗೆಳೆಯರೊಬ್ಬರು, ನಿವೃತ್ತ ಮೇಷ್ಟ್ರು, ಜರ್ಮನಿಯಲ್ಲಿರುವ ತಮ್ಮ ಸಹಪಾಠಿಗೆ ಅರವತ್ತು ತುಂಬಿದ ದಿನ ಒಂದು ಸಂದೇಶ ಕಳಿಸಿದರು. ಆತನ ಹೆಂಡತಿ ಮಕ್ಕಳಿಗೆ ಕನ್ನಡ ಬಾರದು, ಎಲ್ಲರೆದುರು ಓದುವವಳು ಮಗಳು. ಹಾಗಾಗಿ ಅದನ್ನು ಇಂಗ್ಲಿಷಿಗೆ ತಂದೇ ಕಳಿಸಿದ್ದರು. ಮೂಲ ಇಷ್ಟೇ: ‘ಒರೇಯ್ ನಾಕನೇ ಜ್ವರ, ಅರವತ್ತಾಯ್ತಂತೆ. ಸೊಪ್ಪು ಬಿಡಬೇಡ. ಇಷ್ಟು ಬೇಗ ಹಣ್ಣಾಗಿ ಚಂದ್ರಿಕೆ ಹತ್ತಬೇಡ.’ ಕೂಗು ತೆಲುಗು, ಹೆಸರು ಕನ್ನಡ. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಇದು ಯಾರ ಕಿವಿಗೂ ಹೊಸದಲ್ಲ. ಇಂಗ್ಲಿಷಿನಲ್ಲಿ ಅದು ‘ಡಿಯರ್ ಫೋರ್ತ್ ಫೀವರ್’ ಆಯಿತು. ಮಗಳು ಓದುವುದಕ್ಕೆ ಮೊದಲೇ ಗಾಬರಿಯಿಂದ ಫೋನು ಮಾಡಿದಳು: ಅಪ್ಪನಿಗೆ ಯಾವ ಜ್ವರ ನಾಲ್ಕು ಸಲ ಬಂದಿತ್ತು?

ಹುಳು ಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಿಲ್ಲ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಪ್ರತಿ ಸಲವೂ ಸುಮಾರು ಒಂದು ದಿನ ಸೊಪ್ಪು ಮುಟ್ಟದೆ ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದಕ್ಕೇ ‘ಜ್ವರಕ್ಕೆ ಕೂತಿದೆ’ ಎನ್ನುವುದು. ನಾಲ್ಕನೇ ಜ್ವರ ಎದ್ದ ಮೇಲಿನ ಹಸಿವು ಮಾತ್ರ ಬೇರೆಯೇ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಆ ಒಂದು ವಾರದಲ್ಲಿ ಮುಗಿಸುತ್ತದೆ, ರಾತ್ರಿ ಹುಳು ಮನೆಯಲ್ಲಿ ಮಳೆ ಹೊಯ್ದ ಸದ್ದು. ಹಾಸ್ಟೆಲಿನಲ್ಲಿ ಪರೀಕ್ಷೆಯ ದಿನಗಳಲ್ಲಿ ಉಪವಾಸವಿದ್ದು, ಕೊನೆಯ ಪತ್ರಿಕೆ ಮುಗಿಸಿ ಬಂದು ಎಂಟು ಮುದ್ದೆ ಉಂಡ ಹುಡುಗನಿಗೆ ಅವತ್ತೇ ಆ ಹೆಸರು ಅಂಟಿತ್ತು.

ಅಡ್ಡಹೆಸರನ್ನು ಅನುವಾದಿಸಬೇಕೇ, ಹಾಗೇ ಬಿಡಬೇಕೇ? ಅಂಕಿತನಾಮಗಳ ಬಗ್ಗೆ ಈ ಅಂಕಣದಲ್ಲಿ ಜಗಳವಾಡಿದ್ದು ಓದುಗರಿಗೆ ನೆನಪಿರಬಹುದು. ಮತ್ತೆ ಅಲ್ಲಿಗೇ ಹೋಗುತ್ತೇನೆ. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಚೆನ್ನಮಲ್ಲಿಕಾರ್ಜುನನನ್ನು ಮಲ್ಲಿಗೆಯ ಬಿಳುಪಿನ ಒಡೆಯನನ್ನಾಗಿ ಮಾಡಿದರು, ಕೂಡಲಸಂಗಮದೇವನನ್ನು ನದಿಗಳು ಕೂಡುವೆಡೆಯ ಒಡೆಯನನ್ನಾಗಿ ಮಾಡಿದರು. ದಾಸಿಮಯ್ಯನ ರಾಮನಾಥನನ್ನು ಮಾತ್ರ ಮುಟ್ಟಲಿಲ್ಲ. ಅರ್ಜುನ ಎಂದರೆ ಬಿಳಿ ಎಂಬುದು ಸರಿಯೇ. ಆದರೆ ಅಕ್ಕ ಆ ಹೆಸರನ್ನು ಕೂಗುವಾಗ ಬಿಡಿಸಿ ಅರ್ಥ ಹೇಳುತ್ತಿರಲಿಲ್ಲ, ಕರೆಯುತ್ತಿದ್ದಳು. ತೇಜಸ್ವಿನಿ ನಿರಂಜನ ಮುಂದೆ ಅಲ್ಲಮನ ವಚನವೊಂದನ್ನು ಮರು ಅನುವಾದಿಸುವಾಗ ಗುಹೇಶ್ವರನನ್ನು ಗುಹೇಶ್ವರನಾಗಿಯೇ ಉಳಿಸಿಕೊಂಡರು. ನಾನು ಅವರ ಕಡೆಯವನು. ಹೆಸರಿಗೆ ಅರ್ಥವಿದ್ದೀತು, ಆದರೆ ಕರೆದಾಗ ತಿರುಗಿ ನೋಡುವುದು ಅರ್ಥಕ್ಕಲ್ಲ, ಸದ್ದಿಗೆ.

ಮೇಷ್ಟ್ರಿಗೂ ಹಾಗೇ ಹೇಳಿದೆ: ಹೆಸರು ಬಿಡಿ, ಮುಟ್ಟಬೇಡಿ. ಅವರು ಹೆಸರು ಉಳಿಸಿ, ಪಕ್ಕದಲ್ಲಿ ಕಂಸ ಹಾಕಿ, ಒಳಗೆ ರೇಷ್ಮೆ ಹುಳುವಿನ ಜೀವನಚಕ್ರ ಬರೆದರು. ಈ ಕಂಸವೆಂದರೆ ನನಗೆ ಮೈ ಉರಿಯುತ್ತದೆ. ನಗೆ ಬರಬೇಕಾದ ಜಾಗದಲ್ಲಿ ಕೇಳುವವರನ್ನು ನಿಲ್ಲಿಸಿ ಪಾಠ ಹೇಳಿದರೆ ಯಾರು ನಗುತ್ತಾರೆ?

ಆ ಕಂಸವನ್ನು ಹೊಡೆದುಹಾಕಲು ಕೂತಾಗಲೇ ನನಗೆ ಹೊಳೆದದ್ದು, ನಾವು ತಪ್ಪು ಪ್ರಶ್ನೆ ಹಿಡಿದಿದ್ದೆವು ಎಂದು. ಗೆಳೆಯನಿಗೆ ಅನುವಾದವೇ ಬೇಡ. ಅನುವಾದ ಬೇಕಿರುವುದು ಆ ಮೇಜಿನ ಸುತ್ತ ಕೂತವರಿಗೆ. ಅವನು ನಕ್ಕ ಗಳಿಗೆಯಲ್ಲೇ ಅವರೂ ನಗಬೇಕು. ಹಾಗಾದರೆ ಬದಲಾಗಬೇಕಾದದ್ದು ಪದವಲ್ಲ, ಸಾಲುಗಳ ಸರದಿ. ಕನ್ನಡದಲ್ಲಿ ಹೆಸರು ಮೊದಲು ಬಂದರೆ ಸಾಕು, ಕಥೆ ಇಬ್ಬರಿಗೂ ಗೊತ್ತು. ಇಂಗ್ಲಿಷಿನಲ್ಲಿ ಕಥೆ ಮೊದಲು ಬಂದು ಹೆಸರು ಕೊನೆಗೆ ಬರಬೇಕು.

ಹೊಸದಾಗಿ ಬರೆದೆವು. ನಿಮ್ಮಪ್ಪನ ಊರಿನಲ್ಲಿ ಒಂದು ಹುಳು ನಾಲ್ಕು ಸಲ ಊಟ ಬಿಡುತ್ತದೆ, ಪ್ರತಿ ಸಲವೂ ಅದಕ್ಕೆ ಜ್ವರ ಎನ್ನುತ್ತೇವೆ, ನಾಲ್ಕನೆಯದು ಎದ್ದ ಮೇಲೆ ಮನೆಯ ಸೊಪ್ಪೆಲ್ಲ ಖಾಲಿ ಎಂದು ಶುರು. ಆಮೇಲೆ ಎಂಟು ಮುದ್ದೆ. ಮುದ್ದೆಯ ಗಾತ್ರವನ್ನು ಮಾತ್ರ ಟೆನಿಸ್ ಚೆಂಡಿಗೆ ಹೋಲಿಸಿದೆವು, ಅಷ್ಟು ಸಾಕು.

‘ಹಣ್ಣಾಗಬೇಡ’ ತಾನಾಗಿಯೇ ದಾಟಿತು. ಹಣ್ಣಾದ ಹುಳು ಸೊಪ್ಪು ಬಿಟ್ಟು, ಮೈ ಹೊಳಪೇರಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಮುಪ್ಪನ್ನು ಹಣ್ಣೆಂದು ಕಾಣುವುದು ಇಂಗ್ಲಿಷಿನಲ್ಲೂ ಉಂಟು, ‘ರೈಪ್ ಓಲ್ಡ್ ಏಜ್’ ಎನ್ನುತ್ತಾರೆ. ಚಂದ್ರಿಕೆ ದಾಟಲಿಲ್ಲ. ಅದು ಬಿದಿರಿನ ತಟ್ಟೆ ಎಂದು ಹೇಳಬಹುದು. ಆದರೆ ಅದನ್ನು ಹತ್ತಿದ ಹುಳುವಿಗೆ ಮುಂದೆ ಗೂಡಿನ ಮಾರುಕಟ್ಟೆ, ಆಮೇಲೆ ಬಿಸಿನೀರು ಎಂಬುದು ಶಿಡ್ಲಘಟ್ಟದವನಿಗಷ್ಟೇ ಕೂಡಲೇ ಹೊಳೆಯುತ್ತದೆ. ಅರವತ್ತರ ಗೆಳೆಯನಿಗೆ ‘ಸಾಯಬೇಡ ಕಣೋ’ ಎಂದು ಹೇಳಿದ ಸಾಲು ಅದು. ಮಕ್ಕಳೆದುರು ಬಿಡಿಸಿ ಹೇಳುವಂಥದ್ದಲ್ಲ. ಅನುವಾದಿಸದೆ, ಕನ್ನಡದಲ್ಲೇ ಬಿಟ್ಟೆವು, ಅವನೊಬ್ಬನಿಗೆ.

ಮಗಳು ಎಲ್ಲವನ್ನೂ ಓದಿ, ಕೊನೆಯಲ್ಲಿ ‘ಒರೇಯ್ ನಾಕನೇ ಜ್ವರ’ ಎಂದಳಂತೆ. ‘ಜ್ವ’ ಸರಿಯಾಗಿ ಬರಲಿಲ್ಲ. ಅಪ್ಪ ಎರಡು ಸಲ ಹೇಳಿಕೊಟ್ಟನಂತೆ.